ಹದಿನಾರು ದಾಟಿದ, ಹದಿನೆಂಟಾಗದ ಆರೋಪಿ

ಏಳು ವರ್ಷ ತುಂಬದ ಮಗು ಏನೇ ಮಾಡಿದರೂ ನಮ್ಮ ಕಾನೂನಿನಲ್ಲಿ ಅದು ಅಪರಾಧವಲ್ಲ. ಏಳರಿಂದ ಹನ್ನೆರಡರವರೆಗೆ, ಮಾಡಿದ್ದು ಏನೆಂದು ತಿಳಿಯುವಷ್ಟು ಬುದ್ಧಿ ಆ ಮಗುವಿಗೆ ಬಂದಿತ್ತೇ ಎಂದು ನೋಡಬೇಕು. ಬ್ರಿಟಿಷರು 1860ರ ದಂಡಸಂಹಿತೆಯಲ್ಲಿ ಬರೆದಿಟ್ಟ ಈ ಗೆರೆಯನ್ನು 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹಾಗೇ ಉಳಿಸಿಕೊಂಡಿದೆ. ಮಕ್ಕಳ ವಿಷಯದಲ್ಲಿ ಹೊಣೆಗಾರಿಕೆಯ ವಯಸ್ಸು ಕನಿಷ್ಠ 14 ಇರಲಿ ಎನ್ನುವುದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯ ಸಲಹೆ. ಆದರೆ ನಮ್ಮಲ್ಲಿ ಜಗಳ ನಡೆಯುವುದು ಈ ಕೆಳಗಿನ ಗೆರೆಯ ಬಗ್ಗೆ ಅಲ್ಲ, ಮೇಲಿನದರ ಬಗ್ಗೆ.

1986ರ ಬಾಲನ್ಯಾಯ ಕಾಯ್ದೆಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಎಂದಿತ್ತು. 2000ದಲ್ಲಿ ಇಬ್ಬರಿಗೂ 18 ಆಯಿತು. 2012ರ ಡಿಸೆಂಬರಿನ ದೆಹಲಿ ಬಸ್ ಅತ್ಯಾಚಾರದ ಆರೋಪಿಗಳಲ್ಲಿ ಒಬ್ಬನಿಗೆ 18 ತುಂಬಲು ಕೆಲವು ತಿಂಗಳು ಬಾಕಿ ಇತ್ತು. ಅವನಿಗೆ ಸಿಕ್ಕಿದ್ದು ಮೂರು ವರ್ಷ ವಿಶೇಷ ಗೃಹವಾಸ. ವಯಸ್ಸನ್ನು ಇಳಿಸಬೇಡಿ ಎಂದು ನ್ಯಾಯಮೂರ್ತಿ ವರ್ಮಾ ಸಮಿತಿ ಹೇಳಿತ್ತು. ಆದರೂ 2015ರ ಡಿಸೆಂಬರಿನಲ್ಲಿ ಅವನು ಬಿಡುಗಡೆಯಾಗಿ ಎರಡೇ ದಿನಕ್ಕೆ ರಾಜ್ಯಸಭೆ ಹೊಸ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಬೀದಿಯ ಸಿಟ್ಟು ಇಷ್ಟು ಬೇಗ ಕಾಯ್ದೆಯಾಗುವುದು ಅಪರೂಪ.

ಹೊಸ ಕಾಯ್ದೆ ವಯಸ್ಸನ್ನು ನೇರವಾಗಿ ಇಳಿಸಲಿಲ್ಲ. 16 ದಾಟಿದ, 18 ಆಗದ ಹುಡುಗನ ಮೇಲೆ ಹೇಯ ಅಪರಾಧದ ಆರೋಪ ಬಂದರೆ ಬಾಲನ್ಯಾಯ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ನಡೆಸಬೇಕು ಎಂದಿತು. ಮಂಡಳಿಯೆಂದರೆ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು. ಇಂಥ ಕೃತ್ಯ ಎಸಗುವ ದೈಹಿಕ, ಮಾನಸಿಕ ಸಾಮರ್ಥ್ಯ ಇವನಿಗಿತ್ತೇ, ಪರಿಣಾಮ ಅರ್ಥವಾಗುತ್ತಿತ್ತೇ, ಎಂಥ ಸನ್ನಿವೇಶದಲ್ಲಿ ಇದು ನಡೆಯಿತು ಎಂದು ಅವರು ನೋಡುತ್ತಾರೆ. ಹೌದೆನಿಸಿದರೆ ಪ್ರಕರಣ ಮಕ್ಕಳ ನ್ಯಾಯಾಲಯಕ್ಕೆ ಹೋಗುತ್ತದೆ. ವಯಸ್ಕನಂತೆ ವಿಚಾರಣೆ ಬೇಕೇ ಎಂದು ಆ ನ್ಯಾಯಾಲಯ ಮತ್ತೊಮ್ಮೆ ಯೋಚಿಸಬೇಕು. ತಪ್ಪು ಸಾಬೀತಾದರೂ 21 ತುಂಬುವವರೆಗೆ ಜೈಲಿಲ್ಲ, ಸುರಕ್ಷಿತ ಸ್ಥಳವೆಂದು ಗುರುತಿಸಿದ ಕೇಂದ್ರದಲ್ಲಿ ಇರಿಸುತ್ತಾರೆ. ಗಲ್ಲು ಶಿಕ್ಷೆಯಂತೂ ಇಲ್ಲ.

ತೊಡಕಿರುವುದು ಆ ಮೌಲ್ಯಮಾಪನದಲ್ಲೇ. 2017ರ ಸೆಪ್ಟೆಂಬರಿನಲ್ಲಿ ಗುರುಗ್ರಾಮದ ಶಾಲೆಯೊಂದರಲ್ಲಿ ಎರಡನೇ ತರಗತಿಯ ಬಾಲಕನ ಕೊಲೆಯಾಯಿತು. ಪೊಲೀಸರು ಮೊದಲು ಹಿಡಿದಿದ್ದು ಬಸ್ ಕಂಡಕ್ಟರನನ್ನು. ಸಿಬಿಐ ಬಂದ ಮೇಲೆ ಅದೇ ಶಾಲೆಯ ಹನ್ನೊಂದನೇ ತರಗತಿಯ, 16 ದಾಟಿದ ವಿದ್ಯಾರ್ಥಿಯ ಮೇಲೆ ಆರೋಪ ಬಂತು. ಮಂಡಳಿಯ ಮುಂದಿದ್ದುದು ಸಾಮಾಜಿಕ ತನಿಖಾ ವರದಿ ಮತ್ತು ಮನಃಶಾಸ್ತ್ರಜ್ಞರ ವರದಿ. ಬುದ್ಧಿಮತ್ತೆ ಸರಾಸರಿ ಮಟ್ಟದ್ದು ಎಂದ ಆ ಎರಡನೆಯ ವರದಿ, ಇನ್ನಷ್ಟು ಪರೀಕ್ಷೆ ಬೇಕೆಂದೂ ಸೂಚಿಸಿತ್ತು. ಆ ಪರೀಕ್ಷೆಗಳಿಗೆ ಕಾಯದೆ, ವರದಿಗಳ ಪ್ರತಿಯನ್ನೂ ಹುಡುಗನ ಕಡೆಯವರಿಗೆ ಕೊಡದೆ, ವಯಸ್ಕನಂತೆ ವಿಚಾರಣೆ ನಡೆಯಲಿ ಎಂದು ಮಂಡಳಿ ಆದೇಶಿಸಿತು. ಹೈಕೋರ್ಟ್ ಅದನ್ನು ರದ್ದು ಮಾಡಿತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು.

ಪರಿಣಾಮವೆಂದರೆ ಕೈಗೆ ಸಿಕ್ಕಿಬೀಳುವುದಷ್ಟೇ ಅಲ್ಲ, ಸತ್ತ ಮಗುವಿನ ಮನೆಯವರಿಗೆ, ತನ್ನ ಮನೆಯವರಿಗೆ, ತನ್ನ ಮುಂದಿನ ಬದುಕಿಗೆ ಏನಾಗುತ್ತದೆ ಎಂಬುದೆಲ್ಲ ಅದರಲ್ಲಿ ಸೇರಿದೆ ಎಂದಿತು ಆ ತೀರ್ಪು. ಬುದ್ಧಿ ಚುರುಕಾಗಿರುವುದೇ ಬೇರೆ, ಇದನ್ನೆಲ್ಲ ಮುಂಗಾಣುವ ಪಕ್ವತೆಯೇ ಬೇರೆ. ಮಂಡಳಿಯಲ್ಲಿ ಮಕ್ಕಳ ಮನಃಶಾಸ್ತ್ರ ಬಲ್ಲವರು ಇಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯ ಎಂದೂ ಹೇಳಿತು. ಇಂಥ ಮೌಲ್ಯಮಾಪನಕ್ಕೆ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಮಾರ್ಗದರ್ಶಿಯೊಂದನ್ನು ರೂಪಿಸಿದ್ದಾರೆ. ಗುರುಗ್ರಾಮದ ಮಂಡಳಿ ಮತ್ತೆ ಪರಿಶೀಲಿಸಿ, ಅದೇ ವರ್ಷ, ಮೊದಲಿನ ನಿರ್ಧಾರಕ್ಕೇ ಬಂತು.

ತಜ್ಞರು ಬಂದರೂ ಒಂದು ಕೊರತೆ ಉಳಿಯುತ್ತದೆ. ಅವರು ನೋಡುವುದು ಇಂದಿನ ಹುಡುಗನನ್ನು, ಕಾನೂನು ಕೇಳುವುದು ಕೃತ್ಯದ ಹೊತ್ತಿನ ಮನಸ್ಸನ್ನು. ಅದೂ ಕೃತ್ಯ ಅವನದೇ ಎಂದು ಸಾಬೀತಾಗುವ ಮೊದಲೇ. ನಾನು ಮಾಡಿಯೇ ಇಲ್ಲ ಎನ್ನುವವನ ಬಳಿ ಮಾಡುವಾಗ ಏನು ಯೋಚಿಸಿದ್ದೆ ಎಂದು ಹೇಗೆ ಕೇಳುವುದು? ನನಗೆ ಈ ಕಾಯ್ದೆಯ ದುರ್ಬಲ ಜಾಗ ಇದೇ ಅನಿಸುತ್ತದೆ. ಹದಿನೇಳರ ಕೊಲೆಗಾರನಿಗೆ ಮೂರು ವರ್ಷ ಸಾಕೇ ಎಂಬ ಸಂತ್ರಸ್ತ ಕುಟುಂಬದ ಪ್ರಶ್ನೆಯನ್ನೂ ತಳ್ಳಿಹಾಕಲಾಗದು ನಿಜ. ಆದರೆ ಅದಕ್ಕೆ ಉತ್ತರ ಹುಡುಕುವ ಕೆಲಸವನ್ನು ಇಂಥ ಊಹೆಗೆ ಬಿಡಲಾಗಿದೆ.

ಹೇಯ ಎಂಬ ಜರಡಿಯೂ ವಿಚಿತ್ರ. ಕನಿಷ್ಠ ಏಳು ವರ್ಷ ಶಿಕ್ಷೆ ಎಂದು ಕಾನೂನಿನಲ್ಲಿ ಬರೆದಿದ್ದರೆ ಮಾತ್ರ ಅಪರಾಧ ಹೇಯ. ಗರಿಷ್ಠ ಶಿಕ್ಷೆ ಎಷ್ಟೇ ಇರಲಿ, ಕನಿಷ್ಠ ನಮೂದಾಗಿರದಿದ್ದರೆ ಅದು ಹೇಯವಲ್ಲ ಎಂದು 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೊಲೆಯಲ್ಲದ ನರಹತ್ಯೆಗೆ ಕನಿಷ್ಠ ಶಿಕ್ಷೆ ಇರಲಿಲ್ಲ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಪೋರ್ಷೆ ಕಾರು ಗುದ್ದಿ ಇಬ್ಬರು ಸತ್ತಾಗ, ಹದಿನೇಳರ ಆರೋಪಿಯನ್ನು ವಯಸ್ಕನಂತೆ ವಿಚಾರಿಸಿ ಎಂಬ ಪೊಲೀಸರ ಕೋರಿಕೆಯನ್ನು ಮಂಡಳಿ ಮರುವರ್ಷ ತಿರಸ್ಕರಿಸಿತು. ಇತ್ತ ಪೋಕ್ಸೊ ಕಾಯ್ದೆಯಲ್ಲಿ ಲೈಂಗಿಕ ಸಂಪರ್ಕಕ್ಕೆ ಕನಿಷ್ಠ ಹತ್ತು ವರ್ಷ ಶಿಕ್ಷೆಯಿದ್ದು, ಹುಡುಗಿಗೆ 18 ಆಗಿರದಿದ್ದರೆ ಅವಳ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಜೊತೆಯಲ್ಲಿ ಓದುವವಳನ್ನು ಪ್ರೀತಿಸಿ ಮನೆ ಬಿಟ್ಟು ಹೋದ ಹದಿನೇಳರ ಹುಡುಗ, ಅವಳ ಅಪ್ಪ ದೂರು ಕೊಟ್ಟ ದಿನವೇ ಹೇಯ ಅಪರಾಧದ ಆರೋಪಿಯಾಗಿ ಈ ಮೌಲ್ಯಮಾಪನಕ್ಕೆ ಕೂರಬೇಕಾಗುತ್ತದೆ.