ಠೇವಣಿದಾರರೆಲ್ಲ ಒಟ್ಟಿಗೆ ಬಂದಾಗ

ಬ್ಯಾಂಕು ಠೇವಣಿಯ ಸ್ವಲ್ಪ ಭಾಗವನ್ನಷ್ಟೇ ನಗದಾಗಿ ಇಟ್ಟುಕೊಂಡು, ಉಳಿದದ್ದನ್ನು ದೀರ್ಘಾವಧಿ ಸಾಲವಾಗಿ ಕೊಟ್ಟಿರುತ್ತದೆ. ಎಲ್ಲರೂ ಒಂದೇ ದಿನ ಹಣ ಕೇಳಿದರೆ, ಕೊಟ್ಟ ಸಾಲಗಳು ಗಟ್ಟಿಯಾಗಿದ್ದರೂ ಅದು ಕೈಚೆಲ್ಲಬೇಕಾಗುತ್ತದೆ. ಆಗ ಆ ಸಾಲಪತ್ರಗಳನ್ನೇ ಅಡಮಾನವಾಗಿ ಪಡೆದು ನಗದು ಒದಗಿಸುವುದು ಕೇಂದ್ರೀಯ ಬ್ಯಾಂಕಿನ ಹೊಣೆ. ಬೇರೆಲ್ಲೂ ಸಾಲ ಹುಟ್ಟದಾಗ ಕೊಡುವ ಕೊನೆಯ ಸಾಲದಾತ ಅದು.

ಆದರೆ ಈ ನೆರವೇ ಗಾಬರಿ ಹುಟ್ಟಿಸಿದ್ದೂ ಉಂಟು. ಬ್ರಿಟನ್ನಿನ ನಾರ್ದರ್ನ್ ರಾಕ್ ಬ್ಯಾಂಕು ಗೃಹಸಾಲಕ್ಕೆ ಬೇಕಾದ ಹಣದ ಬಹುಪಾಲನ್ನು ಠೇವಣಿಯಿಂದಲ್ಲ, ಹಣಕಾಸು ಮಾರುಕಟ್ಟೆಯಿಂದ ತರುತ್ತಿತ್ತು. 2007ರ ಆಗಸ್ಟಿನಲ್ಲಿ ಆ ಮೂಲ ಬತ್ತಿತು. ಬ್ಯಾಂಕ್ ಆಫ್ ಇಂಗ್ಲೆಂಡ್ ನೆರವಿಗೆ ಬರಲಿದೆ ಎಂಬ ಸುದ್ದಿ ಸೆಪ್ಟೆಂಬರ್ 13ರ ರಾತ್ರಿ ಬಿಬಿಸಿಯಲ್ಲಿ ಬಂದದ್ದೇ ತಡ, ಮರುದಿನ ಶಾಖೆಗಳ ಮುಂದೆ ಜನ ಸಾಲುಗಟ್ಟಿದರು. ಇದನ್ನು ಮೂರ್ಖತನ ಎನ್ನುವುದು ಅನ್ಯಾಯ. ಅಲ್ಲಿನ ಠೇವಣಿ ವಿಮೆ ಮೊದಲ 2,000 ಪೌಂಡಿಗಷ್ಟೇ ಪೂರ್ತಿ ಭದ್ರತೆ ಕೊಡುತ್ತಿತ್ತು. ಮುಂದಿನ 33,000 ಪೌಂಡಿಗೆ ಶೇ. 90 ಮಾತ್ರ. ಹಿಂದೆ ಉಳಿದವನಿಗೆ ನಷ್ಟದ ಭಯವಿದ್ದರೆ ಮುಂದೆ ಓಡುವುದೇ ಜಾಣತನ. 17ರಂದು ಸರ್ಕಾರ ಪೂರ್ಣ ಖಾತರಿ ಘೋಷಿಸಿದ ಮೇಲೆಯೇ ಸಾಲುಗಳು ಕರಗಿದವು. 2008ರ ಫೆಬ್ರುವರಿಯಲ್ಲಿ ಬ್ಯಾಂಕು ರಾಷ್ಟ್ರೀಕರಣಗೊಂಡಿತು.

ಭಾರತದಲ್ಲಿ 2020ರಿಂದ ವಿಮೆಯ ಮಿತಿ, ಅಸಲು ಬಡ್ಡಿ ಸೇರಿ, 5 ಲಕ್ಷ ರೂಪಾಯಿ. ಒಂದೇ ಬ್ಯಾಂಕಿನ ಬೇರೆಬೇರೆ ಶಾಖೆಗಳಲ್ಲಿ ಒಬ್ಬರ ಹೆಸರಿನಲ್ಲಿರುವ ಠೇವಣಿಗಳನ್ನೆಲ್ಲ ಕೂಡಿಸಿಯೇ ಲೆಕ್ಕ ಹಾಕುತ್ತಾರೆ. ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆಯುಂಟು. ಪ್ರಾಥಮಿಕ ಪತ್ತಿನ ಸಹಕಾರ ಸಂಘಗಳಲ್ಲಿ ಇಟ್ಟ ಹಣಕ್ಕೆ ಇಲ್ಲ.