ಹದಿನೆಂಟು ಕೋಟಿಯ ಕತ್ತರಿ

2019ರ ಜುಲೈ ತಿಂಗಳು. ಅಮೆರಿಕದ ನ್ಯಾಶ್‌ವಿಲ್ ನಗರದ ಒಂದು ಆಸ್ಪತ್ರೆಯಲ್ಲಿ ವಿಕ್ಟೋರಿಯಾ ಗ್ರೇ ಅನ್ನೋ ಹೆಣ್ಣುಮಗಳಿಗೆ ಡ್ರಿಪ್ ಹಾಕಿದರು. ನಾಲ್ಕು ಮಕ್ಕಳ ತಾಯಿ, ವಯಸ್ಸು 34. ಡ್ರಿಪ್‌ನಲ್ಲಿ ಇಳೀತಾ ಇದ್ದದ್ದು ಆಕೆಯದೇ ಜೀವಕೋಶಗಳು, ಇನ್ನೂರು ಕೋಟಿಗೂ ಹೆಚ್ಚು. ಹಿಂದೆಯೇ ಆಕೆಯ ಮೈಯಿಂದ ತೆಗೆದು, ಪ್ರಯೋಗಾಲಯದಲ್ಲಿ ತಿದ್ದಿ, ವಾಪಸ್ ಕೊಡ್ತಾ ಇದ್ದರು ಅಷ್ಟೆ.

ಆಕೆಗಿದ್ದದ್ದು ಸಿಕಲ್ ಸೆಲ್ ಕಾಯಿಲೆ. ಹಿಮೋಗ್ಲೋಬಿನ್ ತಯಾರಿಸುವ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ತಪ್ಪಿರುತ್ತೆ. ಅದರಿಂದ ದುಂಡಗಿರಬೇಕಾದ ಕೆಂಪು ರಕ್ತಕಣ ಕುಡಗೋಲಿನ ಹಾಗೆ ಬಾಗುತ್ತೆ, ಗಟ್ಟಿಯಾಗುತ್ತೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ. ಆಗ ಬರೋ ಮೂಳೆನೋವು ಎಂಥದ್ದು ಅನ್ನೋದು ಅನುಭವಿಸಿದವರಿಗೇ ಗೊತ್ತು. ಥಲಸ್ಸೇಮಿಯಾದಲ್ಲಿ ತೊಂದರೆ ಬೇರೆ. ಅಲ್ಲಿ ಹಿಮೋಗ್ಲೋಬಿನ್ನಿನ ಬೀಟಾ ಅನ್ನೋ ಭಾಗ ಸಾಕಷ್ಟು ತಯಾರಾಗೋದೇ ಇಲ್ಲ. ಹಾಗಾಗಿ ತೀವ್ರ ಥಲಸ್ಸೇಮಿಯಾ ಇರೋ ಮಗುವಿಗೆ ಎರಡು ಮೂರು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು.

ಎರಡೂ ಬೇರೆ ಬೇರೆ ಕಾಯಿಲೆ. ಆದರೆ ಮದ್ದು ಮಾತ್ರ ಒಂದೇ! ಇದು ಹೇಗೆ?

ಜೀನ್ ಎಡಿಟಿಂಗ್ ಅಂದ್ರೆ ತಪ್ಪಿದ ಅಕ್ಷರವನ್ನೇ ತಿದ್ದೋದು ಅಂತ ನಾವೆಲ್ಲ ಅಂದುಕೊಂಡಿದ್ದೀವಿ. ವಿಕ್ಟೋರಿಯಾಗೆ ಕೊಟ್ಟ ಚಿಕಿತ್ಸೆ ಆ ತಪ್ಪನ್ನು ಮುಟ್ಟಲೇ ಇಲ್ಲ. ತಾಯಿಯ ಹೊಟ್ಟೆಯಲ್ಲಿದ್ದಾಗ ನಮ್ಮೆಲ್ಲರಿಗೂ ಇನ್ನೊಂದು ಥರದ ಹಿಮೋಗ್ಲೋಬಿನ್ ಇರುತ್ತೆ, ಅದರ ಹೆಸರು ಭ್ರೂಣ ಹಿಮೋಗ್ಲೋಬಿನ್. ಹುಟ್ಟಿದ ಕೆಲವು ತಿಂಗಳಿಗೆ ದೇಹ ಅದನ್ನು ಹೆಚ್ಚೂಕಮ್ಮಿ ನಿಲ್ಲಿಸಿಬಿಡುತ್ತೆ. ಈ ಕಾಯಿಲೆಯ ಮಕ್ಕಳು ಮೊದಲ ಕೆಲವು ತಿಂಗಳು ಚೆನ್ನಾಗೇ ಇರ್ತಾರಲ್ಲ, ಕಾರಣ ಇದೇ. ನಿಲ್ಲಿಸುವ ಸ್ವಿಚ್‌ನ ಹೆಸರು ಬಿಸಿಎಲ್11ಎ. ಕ್ರಿಸ್ಪರ್ ಅನ್ನೋ ಕತ್ತರಿ ಹೋಗಿ, ರಕ್ತಕಣ ತಯಾರಾಗುವ ಕೋಶಗಳಲ್ಲಿ ಆ ಸ್ವಿಚ್ಚನ್ನು ಕೆಡಿಸುತ್ತೆ. ಹಳೆಯ ಹಿಮೋಗ್ಲೋಬಿನ್ ಮತ್ತೆ ಹರಿಯೋಕೆ ಶುರುವಾಗುತ್ತೆ. ಸಿಕಲ್ ಸೆಲ್‌ನಲ್ಲಿ ಕಣ ಬಾಗದ ಹಾಗೆ ತಡೆಯುತ್ತೆ, ಥಲಸ್ಸೇಮಿಯಾದಲ್ಲಿ ಇಲ್ಲದ್ದರ ಜಾಗ ತುಂಬುತ್ತೆ. ಕೆಟ್ಟ ಬಲ್ಬ್ ರಿಪೇರಿ ಮಾಡದೆ, ಮೂಲೆಯಲ್ಲಿದ್ದ ಹಳೇ ದೀಪ ಹಚ್ಚಿದ ಹಾಗೆ.

ಈ ಚಿಕಿತ್ಸೆಯ ಹೆಸರು ಕ್ಯಾಸ್‌ಜೆವಿ. 2023ರ ನವೆಂಬರ್‌ನಲ್ಲಿ ಬ್ರಿಟನ್, ಡಿಸೆಂಬರ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಅಮೆರಿಕದ ಒಪ್ಪಿಗೆಗೆ ಆಧಾರವಾದ ಪರೀಕ್ಷೆಯಲ್ಲಿ, ಸಾಕಷ್ಟು ಕಾಲ ಗಮನಿಸಿದ 31 ಸಿಕಲ್ ಸೆಲ್ ರೋಗಿಗಳ ಪೈಕಿ 29 ಮಂದಿಗೆ ಕನಿಷ್ಠ ಒಂದು ವರ್ಷ ಆ ತೀವ್ರ ನೋವು ಬರಲಿಲ್ಲ.

ಹಾಗಾದ್ರೆ ಎಲ್ಲರಿಗೂ ಕೊಡಬಹುದಲ್ಲ? ಇಲ್ಲೇ ಇರೋದು ಕಷ್ಟ. ತಿದ್ದಿದ ಕೋಶಗಳು ಮೂಳೆಮಜ್ಜೆಯಲ್ಲಿ ಕೂರಬೇಕು ಅಂದ್ರೆ ಹಳೇ ಕೋಶಗಳು ಜಾಗ ಖಾಲಿ ಮಾಡಬೇಕು. ಅದಕ್ಕೆ ಬುಸಲ್ಫಾನ್ ಅನ್ನೋ ಕಠಿಣ ಕೀಮೋಥೆರಪಿ ಕೊಡ್ತಾರೆ. ಕೂದಲು ಉದುರುತ್ತೆ, ಬಾಯೆಲ್ಲ ಹುಣ್ಣಾಗುತ್ತೆ, ಹೊಸ ಕೋಶಗಳು ಬೇರೂರೋ ತನಕ ಸೋಂಕಿನ ಭಯ. ವಾರಗಟ್ಟಲೆ ಆಸ್ಪತ್ರೆ. ಮುಂದೆ ಮಕ್ಕಳಾಗದೇ ಇರುವ ಸಾಧ್ಯತೆಯೂ ಇದೆ, ಹಾಗಾಗಿ ಅಂಡಾಣು ಅಥವಾ ವೀರ್ಯವನ್ನು ಮೊದಲೇ ತೆಗೆದಿಡುವ ಬಗ್ಗೆ ವೈದ್ಯರು ಮಾತಾಡ್ತಾರೆ. ಈಗಾಗಲೇ ಹಾಳಾಗಿರೋ ಸೊಂಟದ ಕೀಲು, ಮೂತ್ರಪಿಂಡ ಇದರಿಂದ ಹೊಸದಾಗೋದಿಲ್ಲ. ಕತ್ತರಿ ತಪ್ಪು ಜಾಗದಲ್ಲಿ ಕತ್ತರಿಸಿದೆಯಾ ಅಂತ ನೋಡೋಕೆ ರೋಗಿಗಳ ಮೇಲೆ 15 ವರ್ಷ ನಿಗಾ ಇಡ್ತಾರೆ.

ಜೀನ್ ಥೆರಪಿ ಅನ್ನೋದು ಇದರ ಅಕ್ಕನ ಹಾಗೆ. ಅಲ್ಲಿ ಕತ್ತರಿ ಇಲ್ಲ, ನಿರುಪದ್ರವಿ ಮಾಡಿದ ವೈರಸ್ ಒಂದು ಸರಿಯಾದ ಜೀನ್ ಹೊತ್ತು ತಂದು ಕೋಶಕ್ಕೆ ಸೇರಿಸುತ್ತೆ. ಆದರೆ ಅದು ಎಲ್ಲಿ ಹೋಗಿ ಕೂರುತ್ತೆ ಅನ್ನೋದು ನಮ್ಮ ಕೈಯಲ್ಲಿಲ್ಲ. ಲಿಫ್‌ಜೀನಿಯಾ ಅನ್ನೋ ಅಂಥ ಚಿಕಿತ್ಸೆಯ ಮೇಲೆ ರಕ್ತ ಕ್ಯಾನ್ಸರ್ ಎಚ್ಚರಿಕೆಯನ್ನೇ ಮುದ್ರಿಸಿದ್ದಾರೆ.

ಇನ್ನು ದುಡ್ಡು. ಕ್ಯಾಸ್‌ಜೆವಿ ಬೆಲೆ ಅಮೆರಿಕದಲ್ಲಿ 22 ಲಕ್ಷ ಡಾಲರ್, ನಮ್ಮ ಲೆಕ್ಕದಲ್ಲಿ ಹದಿನೆಂಟು ಕೋಟಿಗೂ ಮೇಲೆ. ಆಸ್ಪತ್ರೆ ಖರ್ಚು ಬೇರೆ! ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿಗಳಲ್ಲಿ ಈ ಕಾಯಿಲೆ ಇದೆ. ಆ ಹಾಡಿಯ ಮಗುವಿಗೆ ಈ ಅಂಕಿ ಹೇಳೋದು ಹೇಗೆ? 2025ರ ನವೆಂಬರ್‌ನಲ್ಲಿ ದೆಹಲಿಯ ಐಜಿಐಬಿ ಸಂಸ್ಥೆ ಅಭಿವೃದ್ಧಿಪಡಿಸಿದ ದೇಶೀ ಕ್ರಿಸ್ಪರ್ ಚಿಕಿತ್ಸೆ 'ಬಿರ್ಸಾ 101' ಘೋಷಣೆಯಾಯಿತು. ಒಳ್ಳೇದೇ. ಆದರೆ ಘೋಷಣೆ ಬೇರೆ, ತಾಲೂಕು ಆಸ್ಪತ್ರೆಗೆ ಬಂದ ರೋಗಿಗೆ ಸಿಗೋದು ಬೇರೆ.

ಅಲ್ಲೀತನಕ ಕೈಯಲ್ಲಿರೋದು ಹೈಡ್ರಾಕ್ಸಿಯೂರಿಯಾ ಅನ್ನೋ ಹಳೇ ಔಷಧಿ. ಕಡಿಮೆ ಬೆಲೆಯದ್ದು. ಇದು ಮಾಡೋದೂ ಅದೇ ಕೆಲಸ, ಭ್ರೂಣ ಹಿಮೋಗ್ಲೋಬಿನ್ ಹೆಚ್ಚಿಸೋದು. ಅಷ್ಟು ಜೋರಾಗಿ ಅಲ್ಲ, ಎಲ್ಲರಿಗೂ ಒಂದೇ ಸಮ ಅಲ್ಲ, ದಿನಾ ನುಂಗಬೇಕು, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು.

ಇನ್ನೊಂದು ವಿಷಯ ಹೇಳದೇ ಬಿಡಬಾರದು. ತಿದ್ದಿದ್ದು ಮಜ್ಜೆಯ ಕೋಶಗಳನ್ನು ಮಾತ್ರ, ಅಂಡಾಣು ವೀರ್ಯಾಣುಗಳನ್ನಲ್ಲ. ಗುಣವಾದವರೂ ಆ ತಪ್ಪು ಅಕ್ಷರವನ್ನು ಮಕ್ಕಳಿಗೆ ದಾಟಿಸ್ತಾರೆ. ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಕಾಯಿಲೆಯ ಸಾಧ್ಯತೆ. ವಾಹಕರಾ ಅಲ್ಲವಾ ಅಂತ ತಿಳಿಯೋಕೆ ಬೇಕಾಗಿರೋದು ಮದುವೆಗೆ ಮುಂಚೆ ಒಂದು ರಕ್ತಪರೀಕ್ಷೆ.