ತಲೆ ನೋಯದಿದ್ದರೂ ಮೈಗ್ರೇನ್

ತಲೆಸುತ್ತು ಎಂದು ಡಾಕ್ಟರ ಬಳಿಗೆ ಬರುವ ಕೆಲವರ ಕೈಯಲ್ಲಿ ದಪ್ಪನೆಯ ಫೈಲ್ ಇರುತ್ತದೆ. ಕುತ್ತಿಗೆಯ ಎಕ್ಸ್‌ರೇ, ರಕ್ತ ಪರೀಕ್ಷೆ, ಇ.ಸಿ.ಜಿ., ಶ್ರವಣ ಪರೀಕ್ಷೆ, ಮಿದುಳಿನ ಎಂ.ಆರ್.ಐ. ಎಲ್ಲದರ ಕೊನೆಯಲ್ಲೂ ‘ನಾರ್ಮಲ್’ ಎಂದೇ ಬರೆದಿರುತ್ತದೆ. ಒಬ್ಬರು ಬಿ.ಪಿ. ಕಡಿಮೆಯಾಗಿದೆ ಎಂದಿರುತ್ತಾರೆ, ಇನ್ನೊಬ್ಬರು ಕುತ್ತಿಗೆ ಮೂಳೆ ಸವೆದಿದೆ ಎಂದಿರುತ್ತಾರೆ. ಮನೆಯವರ ಪ್ರಕಾರ ಅದು ಪಿತ್ತ. ಬೀಟಾಹಿಸ್ಟಿನ್ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಿಯೂ ಆಗಿರುತ್ತದೆ. ಸುತ್ತು ಮಾತ್ರ ತನಗೆ ತೋಚಿದಾಗ ಬರುತ್ತದೆ, ಹೋಗುತ್ತದೆ.

ಇಂಥವರಲ್ಲಿ ಸಾಕಷ್ಟು ಜನರಿಗೆ ಇರುವುದು ಮೈಗ್ರೇನ್. ಸುತ್ತು ಬಂದಾಗ ಅವರಿಗೆ ತಲೆ ಅಷ್ಟಾಗಿ ನೋಯುವುದಿಲ್ಲ, ಕೆಲವೊಮ್ಮೆ ಸ್ವಲ್ಪವೂ ನೋಯುವುದಿಲ್ಲ. ಹಾಗಾಗಿ ಮೈಗ್ರೇನಿನ ಯೋಚನೆ ರೋಗಿಗೂ ಬರುವುದಿಲ್ಲ, ಎಷ್ಟೋ ಸಲ ಡಾಕ್ಟರಿಗೂ ಬರುವುದಿಲ್ಲ. ವೈದ್ಯರು ಇದನ್ನು ‘ವೆಸ್ಟಿಬ್ಯುಲರ್ ಮೈಗ್ರೇನ್’ ಎನ್ನುತ್ತಾರೆ. ಒಳಕಿವಿಯಲ್ಲಿರುವ ಸಮತೋಲನದ ಅಂಗಕ್ಕೂ ಅದು ಮಿದುಳಿನೊಂದಿಗೆ ಹೊಂದಿರುವ ಜಾಲಕ್ಕೂ ಸೇರಿ ವೆಸ್ಟಿಬ್ಯುಲರ್ ವ್ಯವಸ್ಥೆ ಎಂದು ಹೆಸರು. ಜರ್ಮನಿಯಲ್ಲಿ ನಡೆದ ಸಮೀಕ್ಷೆಯೊಂದರ ಪ್ರಕಾರ ನೂರು ಜನರಲ್ಲಿ ಸುಮಾರು ಒಬ್ಬರಿಗೆ ಜೀವನದಲ್ಲಿ ಎಂದಾದರೂ ಇದು ಬರುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಮೈಗ್ರೇನಿಗೂ ತಲೆಸುತ್ತಿಗೂ ನಂಟಿದೆ ಎಂಬುದು ಹೊಸ ಸಂಗತಿಯೇನಲ್ಲ. ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಲಿವಿಂಗ್ 1873ರಷ್ಟು ಹಿಂದೆಯೇ ಮೈಗ್ರೇನ್ ಕುರಿತ ತನ್ನ ಗ್ರಂಥದಲ್ಲಿ ಇದನ್ನು ಗುರುತಿಸಿದ್ದ. ಆದರೆ ಯಾರಿಗೆ ಈ ಹೆಸರು ಕೊಡಬೇಕು, ಯಾರಿಗೆ ಕೊಡಬಾರದು ಎಂಬ ಖಚಿತ ಸೂತ್ರ ಸಿದ್ಧವಾಗಲು 2012ರವರೆಗೆ ಕಾಯಬೇಕಾಯಿತು. ಸಮತೋಲನ ತಜ್ಞರ ಬಾರಾನಿ ಸೊಸೈಟಿ ಮತ್ತು ಅಂತರರಾಷ್ಟ್ರೀಯ ತಲೆನೋವು ಸಂಘಗಳು ಒಟ್ಟಾಗಿ ಅದನ್ನು ರೂಪಿಸಿದವು.

ಈ ಸೂತ್ರ ನಿಂತಿರುವುದು ರೋಗಿ ಹೇಳುವ ಮಾತಿನ ಮೇಲೆ. ಈ ಕಾಯಿಲೆಯನ್ನು ಸಾಬೀತು ಮಾಡುವ ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮಧ್ಯಮ ಅಥವಾ ತೀವ್ರ ಮಟ್ಟದ ಸುತ್ತು ಕನಿಷ್ಠ ಐದು ಸಲ ಬಂದಿರಬೇಕು, ಪ್ರತಿಸಲವೂ ಅದು 5 ನಿಮಿಷದಿಂದ 72 ಗಂಟೆಯೊಳಗೆ ಮುಗಿದಿರಬೇಕು. ಈಗಲೋ ಹಿಂದೆಯೋ ಮೈಗ್ರೇನ್ ಇದ್ದ ಇತಿಹಾಸವಿರಬೇಕು. ಬಂದ ಸುತ್ತುಗಳಲ್ಲಿ ಅರ್ಧದಷ್ಟರ ಜೊತೆಗಾದರೂ ಮೈಗ್ರೇನಿನ ಲಕ್ಷಣವೊಂದು ಇರಬೇಕು: ಮೈಗ್ರೇನಿನ ಸ್ವಭಾವದ ತಲೆನೋವು, ಅಥವಾ ಬೆಳಕು ಮತ್ತು ಸದ್ದು ಎರಡನ್ನೂ ಸಹಿಸಲಾಗದಿರುವುದು, ಅಥವಾ ಕಣ್ಣ ಮುಂದೆ ಮಿನುಗುವ ಅಂಕುಡೊಂಕು ಗೆರೆಗಳು. ಬೇರೆ ಯಾವ ಕಾಯಿಲೆಯೂ ಇದಕ್ಕಿಂತ ಚೆನ್ನಾಗಿ ಹೊಂದಿಕೆಯಾಗಬಾರದು. ಈ ಲಕ್ಷಣಗಳಲ್ಲಿ ಯಾವುದಾದರೂ ಒಂದು ಸಾಕು, ಅದು ತಲೆನೋವೇ ಆಗಿರಬೇಕಿಲ್ಲ ಎಂಬುದನ್ನು ಮುಖ್ಯವಾಗಿ ಗಮನಿಸಬೇಕು.

ಈ ರೋಗಿಗಳು ಹೇಳುವ ಕಥೆಗಳಲ್ಲಿ ಎಷ್ಟೋ ಸಂಗತಿ ಮತ್ತೆ ಮತ್ತೆ ಬರುತ್ತವೆ. ಅವನ್ನೆಲ್ಲ ಸೇರಿಸಿ ಒಂದು ಮಾದರಿ ಪ್ರಕರಣ ಕಟ್ಟಿಕೊಳ್ಳೋಣ. ಮೂವತ್ತೆಂಟು ವಯಸ್ಸಿನ ಶಾಲಾ ಶಿಕ್ಷಕಿ. ಎರಡು ವರ್ಷದಿಂದ ತಿಂಗಳಿಗೆ ಎರಡು ಮೂರು ಸಲ ಸುತ್ತು. ಕೋಣೆ ಗಿರಗಿರನೆ ತಿರುಗುವುದೂ ಉಂಟು, ಕಾಲಡಿಯ ನೆಲ ಜರುಗಿದಂತೆ ಒಂದೇ ಸಮನೆ ಓಲಾಡುವುದೂ ಉಂಟು. ಆಗ ತಲೆ ಅಲ್ಲಾಡಿಸಿದರೆ ಓಕರಿಕೆ. ಸುತ್ತು ಇಲ್ಲದ ದಿನಗಳಲ್ಲೂ ಸೂಪರ್ ಮಾರ್ಕೆಟಿನ ಉದ್ದನೆಯ ಸಾಲುಗಳ ನಡುವೆ ನಡೆದರೆ, ಫೋನಿನಲ್ಲಿ ವಿಡಿಯೋಗಳನ್ನು ಸರಸರನೆ ಸರಿಸಿದರೆ ತಲೆ ತೇಲಿದಂತಾಗುತ್ತದೆ. ಘಾಟಿ ಇಳಿಯುವ ಬಸ್ಸಿನಲ್ಲಿ ಮುಂದಿನ ಸೀಟು ಸಿಗದಿದ್ದರೆ ವಾಂತಿ ಖಚಿತ.

ಸರಿಯಾದ ಪ್ರಶ್ನೆಗಳು ಬಿದ್ದರೆ ಕಥೆ ಬೇಗ ಬಿಚ್ಚಿಕೊಳ್ಳುತ್ತದೆ.

“ಒಂದ್ಸಲ ಬಂದ್ರೆ ಎಷ್ಟು ಹೊತ್ತು ಇರುತ್ತಮ್ಮಾ?”

“ಬೆಳಿಗ್ಗೆ ಶುರುವಾದ್ರೆ ಸಂಜೆವರೆಗೂ ಇರುತ್ತೆ ಡಾಕ್ಟ್ರೇ. ಮಲಗಿ ಎದ್ರೆ ಸ್ವಲ್ಪ ಪರವಾಗಿಲ್ಲ ಅನ್ಸುತ್ತೆ.”

“ಆಗ ಬೆಳಕು ನೋಡಕ್ಕಾಗುತ್ತಾ?”

“ಇಲ್ಲ, ಟ್ಯೂಬ್‌ಲೈಟ್ ಆರಿಸಿ ಅಂತೀನಿ. ಕುಕ್ಕರ್ ಕೂಗಿದ್ರೂ ತಡ್ಕೊಳ್ಳಕ್ಕಾಗಲ್ಲ.”

“ಚಿಕ್ಕ ವಯಸ್ಸಲ್ಲಿ ತಲೆನೋವು ಇತ್ತಾ?”

“ಕಾಲೇಜಲ್ಲಿದ್ದಾಗ ಮುಟ್ಟಿನ ಟೈಮಲ್ಲಿ ಅರ್ಧ ತಲೆ ಸಿಡಿಯೋದು, ವಾಂತಿನೂ ಆಗೋದು. ಮಗು ಆದ್ಮೇಲೆ ಅದು ನಿಂತೇಹೋಯ್ತು. ನಮ್ಮಮ್ಮನಿಗೂ ಇತ್ತು.”

ರೋಗನಿರ್ಣಯ ಇಲ್ಲಿಗೆ ಬಹುಪಾಲು ಮುಗಿಯಿತು. ಈಕೆಯ ಕಾಲೇಜು ದಿನಗಳ ತಲೆನೋವು, ತಾಯಿಯ ತಲೆನೋವು, ಕುಕ್ಕರಿನ ಸದ್ದು ಯಾವುದೂ ಆ ದಪ್ಪ ಫೈಲಿನಲ್ಲಿ ದಾಖಲಾಗಿರುವುದಿಲ್ಲ, ಏಕೆಂದರೆ ಅದನ್ನೆಲ್ಲ ಯಾರೂ ಕೇಳಿರುವುದಿಲ್ಲ. ಮೈಗ್ರೇನ್ ಮೊದಲು ನೋವಾಗಿ ಬಂದು, ನೋವು ಇಳಿದ ಎಷ್ಟೋ ವರ್ಷಗಳ ಮೇಲೆ ಸುತ್ತಾಗಿ ಕಾಣಿಸಿಕೊಳ್ಳುವುದು ತೀರಾ ಸಾಮಾನ್ಯ. ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಹೀಗಾಗುವುದು ಹೆಚ್ಚು.

ನೋವಿನ ಕಾಯಿಲೆ ಸಮತೋಲನವನ್ನು ಹೇಗೆ ಕೆಡಿಸುತ್ತದೆ? ಒಳಕಿವಿಯಲ್ಲಿ ಪ್ರತಿ ಬದಿಗೂ ಮೂರು ಅರ್ಧವೃತ್ತ ನಾಳಗಳಿವೆ, ಅವು ತಲೆ ತಿರುಗುವುದನ್ನು ಅಳೆಯುತ್ತವೆ. ಅವುಗಳ ಬುಡದಲ್ಲಿರುವ ಎರಡು ಚೀಲಗಳಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳಿವೆ, ಅವು ಗುರುತ್ವವನ್ನೂ ತಲೆಯ ವಾಲುವಿಕೆಯನ್ನೂ ತಿಳಿಸುತ್ತವೆ. ಈ ಸುದ್ದಿಯೆಲ್ಲ ಮಿದುಳುಕಾಂಡದ ಒಂದು ನರಗಂಟಿಗೆ ಬಂದು ಸೇರುತ್ತದೆ. ಕಣ್ಣು ಮತ್ತು ಅಂಗಾಲು ಕಳಿಸುವ ಸುದ್ದಿಯೊಂದಿಗೆ ತಾಳೆಯಾಗಿ, ನಾವು ಎತ್ತ ತಿರುಗುತ್ತಿದ್ದೇವೆ ಎಂಬ ತೀರ್ಮಾನ ಹುಟ್ಟುತ್ತದೆ. ಮುಖ ಮತ್ತು ಮಿದುಳಿನ ಪೊರೆಯ ನೋವನ್ನು ಹೊರುವ ಟ್ರೈಜೆಮಿನಲ್ ನರದ ಕೇಂದ್ರವೂ ಮಿದುಳುಕಾಂಡದಲ್ಲೇ ಇದೆ. ಎರಡರ ನಡುವೆ ನರತಂತುಗಳ ಓಡಾಟವಿದೆ. ಸಾಲದ್ದಕ್ಕೆ ಟ್ರೈಜೆಮಿನಲ್ ನರದ ಎಳೆಗಳು ಒಳಕಿವಿಯ ರಕ್ತನಾಳಗಳನ್ನೂ ಮುಟ್ಟುತ್ತವೆ. ಮೈಗ್ರೇನಿನಲ್ಲಿ ಈ ನರ ಕೆರಳಿದಾಗ ಕಂಪನ ನೋವಿನ ಕಡೆಗೆ ಹೋಗಬಹುದು, ಸಮತೋಲನದ ಕಡೆಗೂ ಹೋಗಬಹುದು.

ಇದಕ್ಕೆ ಪ್ರಯೋಗದ ಪುರಾವೆಗಳೂ ಇವೆ. ಮೈಗ್ರೇನ್ ಇರುವವರ ಹಣೆಯ ಮೇಲೆ ನೋವಾಗುವಷ್ಟು ವಿದ್ಯುತ್ ಹರಿಸಿದಾಗ ಅವರ ಕಣ್ಣುಗುಡ್ಡೆಗಳು ತಾವಾಗಿಯೇ ಅತ್ತಿತ್ತ ಜಗ್ಗತೊಡಗಿದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಸಮತೋಲನ ವ್ಯವಸ್ಥೆ ಕದಡಿದ್ದರ ಗುರುತು ಅದು. ಇದರ ತಿರುಗುಮುರುಗೂ ನಿಜ. ಸಮತೋಲನ ಪರೀಕ್ಷೆಗೆಂದು ಕಿವಿಗೆ ನೀರು ಬಿಟ್ಟು ಸುತ್ತು ಬರಿಸಿದಾಗ, ಮೈಗ್ರೇನ್ ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಒಂದು ದಿನದೊಳಗೆ ಮೈಗ್ರೇನ್ ಬಂದದ್ದು ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಕಂಡಿತು.

2011ರಲ್ಲಿ ಅಮೆರಿಕದ ರಿಚರ್ಡ್ ಲೂಯಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಫಲಿತಾಂಶ ಇನ್ನೂ ಸೊಗಸಾದದ್ದು. ಕುರ್ಚಿಯಲ್ಲಿ ಕೂರಿಸಿ ಕತ್ತಲಲ್ಲಿ ಪಕ್ಕಕ್ಕೆ ನಿಧಾನವಾಗಿ ವಾಲಿಸಿ, ಎಷ್ಟು ಸಣ್ಣ ವಾಲುವಿಕೆ ಗೊತ್ತಾಗುತ್ತದೆ ಎಂದು ಅವರು ಅಳೆದರು. ಬೇರೆಯವರಿಗೆ ತಿಳಿಯದಷ್ಟು ಸಣ್ಣ ವಾಲುವಿಕೆಯೂ ವೆಸ್ಟಿಬ್ಯುಲರ್ ಮೈಗ್ರೇನ್ ರೋಗಿಗಳಿಗೆ ತಿಳಿಯಿತು. ಹೆಚ್ಚಿನ ಸಮತೋಲನದ ಕಾಯಿಲೆಗಳಲ್ಲಿ ಈ ಸಾಮರ್ಥ್ಯ ಕುಗ್ಗುತ್ತದೆ, ಇಲ್ಲಿ ಅದು ಅತಿಯಾಗಿದೆ. ನಾಳಗಳ ಸುದ್ದಿ ಮತ್ತು ಹರಳುಗಳ ಸುದ್ದಿ ಒಂದುಗೂಡುವ ಹಂತದಲ್ಲೇ ಮಿದುಳು ಚಲನೆಯನ್ನು ದೊಡ್ಡದು ಮಾಡಿ ಕೇಳಿಸಿಕೊಳ್ಳುತ್ತಿದೆ ಎಂದು ಇದು ಸೂಚಿಸುತ್ತದೆ. ಘಾಟಿ ರಸ್ತೆಯ ಬಸ್ಸು ಶಿಕ್ಷಕಿಯನ್ನು ಅಷ್ಟು ಕಾಡುವುದು ಆಕೆಯ ಮನೋದೌರ್ಬಲ್ಯದಿಂದಲ್ಲ ಎಂದು ಹೇಳಲು ಇಷ್ಟು ಸಾಕು. “ಎಲ್ಲಾ ನಿನ್ನ ಟೆನ್ಶನ್” ಎಂಬ ಮಾತು ಕೇಳಿ ಕೇಳಿ ಸೋತವರಿಗೆ ಈ ಪ್ರಯೋಗದ ಬಗ್ಗೆ ತಪ್ಪದೆ ತಿಳಿಸಬೇಕು.

ಬೇರೆ ಕಾಯಿಲೆಗಳಿಂದ ಇದನ್ನು ಬೇರ್ಪಡಿಸಲು ಅತ್ಯಂತ ಉಪಯುಕ್ತವಾದದ್ದು ಗಡಿಯಾರ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಜೋರಾಗಿ ತಿರುಗಿ ಒಂದು ನಿಮಿಷದೊಳಗೆ ನಿಂತರೆ, ಒಳಕಿವಿಯ ಹರಳು ಜಾಗ ಬಿಟ್ಟು ನಾಳಕ್ಕೆ ಇಳಿದಿರುವ ಸಾಧ್ಯತೆ ಹೆಚ್ಚು. ಅದಕ್ಕೆ ಮಾತ್ರೆ ಬೇಕಿಲ್ಲ. ಎಪ್ಲಿ ಎಂಬ ವೈದ್ಯರು ರೂಪಿಸಿದ ಕ್ರಮದಲ್ಲಿ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ವಾಪಸ್ ಕಳಿಸಬಹುದು. ಸುತ್ತು ಇಪ್ಪತ್ತು ನಿಮಿಷದಿಂದ ಹನ್ನೆರಡು ಗಂಟೆ ಇದ್ದು, ಒಂದು ಕಿವಿಯಲ್ಲಿ ಮೊರೆತ ಎದ್ದು, ಆ ಕಿವಿ ಬರಬರುತ್ತಾ ಮಂದವಾದರೆ ಮೆನಿಯೇರ್ ಕಾಯಿಲೆಯನ್ನು ಶಂಕಿಸಬೇಕು. ಇಲ್ಲಿ ತೊಡಕಿದೆ: ವೆಸ್ಟಿಬ್ಯುಲರ್ ಮೈಗ್ರೇನಿನಲ್ಲೂ ಕಿವಿ ಗುಂಯ್‌ಗುಡಬಹುದು, ಕಟ್ಟಿದಂತಾಗಬಹುದು. ಆದರೆ ಶ್ರವಣಶಕ್ತಿ ಸಾಮಾನ್ಯವಾಗಿ ಅಷ್ಟಾಗಿ ಕುಗ್ಗುವುದಿಲ್ಲ. ಎರಡೂ ಕಾಯಿಲೆ ಒಬ್ಬರಲ್ಲೇ ಇರುವುದೂ ಉಂಟು. ಅದಕ್ಕಾಗಿಯೇ ಶ್ರವಣ ಪರೀಕ್ಷೆಯನ್ನು ಆಗಾಗ ಮಾಡಿಸಬೇಕಾಗುತ್ತದೆ.

ಚಿಕಿತ್ಸೆಯ ವಿಷಯದಲ್ಲಿ ವಿಜ್ಞಾನ ಇನ್ನೂ ತಡಕಾಡುತ್ತಿದೆ. ಮೈಗ್ರೇನ್ ನೋವನ್ನು ಇಳಿಸುವ ರೈಜಾಟ್ರಿಪ್ಟಾನ್ ಮಾತ್ರೆಯನ್ನು ಈ ಸುತ್ತಿಗೆ ಕೊಟ್ಟು ನೋಡಿದ ಅಮೆರಿಕದ ಪ್ರಯೋಗದಲ್ಲಿ ಅದು ಸಪ್ಪೆ ಮಾತ್ರೆಗಿಂತ ಮೇಲೇನೂ ಆಗಲಿಲ್ಲ. ಸುತ್ತು ಬಾರದಂತೆ ತಡೆಯಲು ಜರ್ಮನಿಯಲ್ಲಿ ಮೆಟೊಪ್ರೊಲಾಲ್ ಪ್ರಯೋಗಿಸಿದಾಗಲೂ ಅದೇ ಕಥೆ: ಔಷಧ ಪಡೆದವರೂ ಸುಧಾರಿಸಿದರು, ಸಪ್ಪೆ ಮಾತ್ರೆ ಪಡೆದವರೂ ಸುಧಾರಿಸಿದರು. ಫ್ಲೂನರಿಜಿನ್ ಬಗ್ಗೆ ಭರವಸೆ ಮೂಡಿಸಿದ ಅಧ್ಯಯನವೊಂದು ನಮ್ಮ ಪಕ್ಕದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನದು, 2014ರಲ್ಲಿ ಪ್ರಕಟವಾದದ್ದು. ದಿನಕ್ಕೆ 10 ಮಿಲಿಗ್ರಾಂ ಫ್ಲೂನರಿಜಿನ್ ಪಡೆದವರಲ್ಲಿ ಸುತ್ತು ಕಡಿಮೆಯಾಯಿತು, ತಲೆನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಧ್ಯಯನ ಚಿಕ್ಕದು. ಔಷಧಿಗೆ ತೂಕ ಏರಿಸುವ, ತೂಕಡಿಕೆ ತರುವ, ಕೆಲವರಲ್ಲಿ ಖಿನ್ನತೆಯನ್ನೂ ಕೈನಡುಕವನ್ನೂ ತರುವ ಗುಣವಿದೆ, ಹಾಗಾಗಿ ಡಾಕ್ಟರ ನಿಗಾ ಇಲ್ಲದೆ ವರ್ಷಗಟ್ಟಲೆ ನುಂಗುವಂಥದ್ದಲ್ಲ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್ ಮುಂತಾದವನ್ನೂ ವೈದ್ಯರು ರೋಗಿಯ ಇತರ ತೊಂದರೆ ನೋಡಿಕೊಂಡು ಆರಿಸುತ್ತಾರೆ.

ಸುತ್ತು ಬಂದಾಗ ಕೊಡುವ ಪ್ರೊಕ್ಲೋರ್‌ಪೆರಜಿನ್‌ನಂಥ ಮಾತ್ರೆ ವಾಂತಿ, ಓಕರಿಕೆಗಳನ್ನು ತಗ್ಗಿಸುತ್ತದೆ. ಅದನ್ನು ಒಂದೆರಡು ದಿನಕ್ಕೆ ನಿಲ್ಲಿಸಬೇಕು. ಮೆಡಿಕಲ್ ಶಾಪಿನಿಂದ ತಾವೇ ತಂದು ತಿಂಗಳುಗಟ್ಟಲೆ ತೆಗೆದುಕೊಳ್ಳುವವರಲ್ಲಿ, ಅಸ್ಥಿರತೆಗೆ ಹೊಂದಿಕೊಳ್ಳುವ ಮಿದುಳಿನ ಸ್ವಂತ ಶಕ್ತಿಯೇ ಮಂಕಾಗುತ್ತದೆ.

ಮಾತ್ರೆಯ ಜೊತೆಗೆ ದಿನಚರಿಯನ್ನೂ ನೋಡಿಕೊಳ್ಳಬೇಕಾಗುತ್ತದೆ. ನಿದ್ದೆಗೆಡುವುದು, ಊಟ ತಪ್ಪಿಸುವುದು, ಮುಟ್ಟಿನ ದಿನಗಳು ಹಲವರಲ್ಲಿ ಮೈಗ್ರೇನನ್ನು ಕೆರಳಿಸುತ್ತವೆ. ಭಾರತದಲ್ಲಿ ಇನ್ನೊಂದು ಕಾರಣವೂ ದಾಖಲಾಗಿದೆ. ತಲೆಸ್ನಾನದಿಂದ ಮೈಗ್ರೇನ್ ಬರುವ 94 ರೋಗಿಗಳ ವಿವರವನ್ನು ತಲೆನೋವು ತಜ್ಞ ಕೆ. ರವಿಶಂಕರ್ 2006ರಲ್ಲಿ ಪ್ರಕಟಿಸಿದರು. ನಮ್ಮ ಶಿಕ್ಷಕಿಗೂ ಶುಕ್ರವಾರ ಉಪವಾಸವಿದ್ದು ತಲೆಗೆ ಎರೆದುಕೊಂಡ ದಿನವೇ ಸುತ್ತು ಬರುತ್ತಿರಬಹುದು. ಅದು ಗೊತ್ತಾಗಬೇಕಾದರೆ ಬರೆದಿಡಬೇಕು. ಸುತ್ತು ಎಷ್ಟು ಗಂಟೆಗೆ ಶುರುವಾಯಿತು, ಎಷ್ಟು ಹೊತ್ತಿಗೆ ನಿಂತಿತು, ಬೆಳಕು ಸದ್ದು ಕಾಡಿತೇ, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಮುಟ್ಟಿನ ಎಷ್ಟನೇ ದಿನ. ಕ್ಯಾಲೆಂಡರಿನ ಚೌಕದಲ್ಲಿ ಇಷ್ಟನ್ನು ಎರಡು ತಿಂಗಳು ಗುರುತು ಹಾಕಿಕೊಂಡು ಹೋದರೆ ಡಾಕ್ಟರಿಗೆ ಮತ್ತೊಂದು ಎಂ.ಆರ್.ಐ.ಗಿಂತ ಹೆಚ್ಚು ಉಪಯೋಗವಾಗುತ್ತದೆ.

ಆದರೆ ಎಲ್ಲ ಸುತ್ತನ್ನೂ ಮೈಗ್ರೇನ್ ಎಂದು ಮನೆಯಲ್ಲೇ ತೀರ್ಮಾನಿಸಬಾರದು. ಸುತ್ತಿನ ಜೊತೆಗೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಯೋ ಕಾಲೋ ಬಲ ಕಳೆದುಕೊಂಡರೆ, ಹಿಡಿದು ನಿಲ್ಲಿಸಿದರೂ ನಿಲ್ಲಲಾಗದಿದ್ದರೆ, ಒಂದು ಕಿವಿ ದಿಢೀರನೆ ಕೇಳಿಸದಾದರೆ, ಎಂದೂ ಬಾರದಂಥ ಭಾರೀ ತಲೆನೋವು ಬಂದರೆ ಅದು ಪಾರ್ಶ್ವವಾಯುವೋ ಇನ್ನಾವುದೋ ತುರ್ತು ಕಾಯಿಲೆಯೋ ಆಗಿರಬಹುದು. ಹೊತ್ತು ಕಾಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಹೋಗಿ.